ಗ್ರೀಸಣ್ಣನ ಕಿವಿ, ಹಿರಿಯಕ್ಕನ ನಡುಕ

ಗ್ರೀಸಣ್ಣನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು, ಆದರೆ ಅದು ಸಂಬಳದ ಚೀಟಿಯಲ್ಲಿ ಮಾತ್ರ ಬದುಕಿತ್ತು. ಊರಿಗೆ ನೀರು ಏರಿಸುವ ಪಂಪ್‌ಹೌಸಿನಲ್ಲಿ ವಾಚ್‌ಮನ್‌ನಿಂದ ಹಿಡಿದು ಮ್ಯಾನೇಜರ್‌ವರೆಗೆ ಎಲ್ಲರಿಗೂ ಅವನು ಗ್ರೀಸಣ್ಣನೇ. ಉಳಿದ ಫಿಟ್ಟರುಗಳ ಜೇಬಿನಲ್ಲಿ ಪೆನ್ನಿದ್ದರೆ ಇವನ ಕಂಕುಳಲ್ಲಿ ಸದಾ ಮೋಟಾರಿಗೆ ಗ್ರೀಸು ತುಂಬುವ ಒಂದು ಗ್ರೀಸ್ ಗನ್ ಇರುತ್ತಿತ್ತು. ಊಟಕ್ಕೆ ಕೂತಾಗಲೂ ಅದು ಪಕ್ಕದ ಕುರ್ಚಿಯ ಮೇಲೆ ನೆಂಟರ ಹಾಗೆ ಕೂತಿರುತ್ತಿತ್ತು.

ಪಂಪ್‌ಹೌಸಿನಲ್ಲಿ ಮೂರು ದೊಡ್ಡ ಮೋಟಾರುಗಳು. ಎರಡು ಓಡುತ್ತವೆ, ಒಂದು ಸರದಿಯ ಮೇಲೆ ಸುಧಾರಿಸಿಕೊಳ್ಳುತ್ತದೆ. ಕಚೇರಿಯ ಕಾಗದಗಳಲ್ಲಿ ಅವು ಒಂದು, ಎರಡು, ಮೂರು. ಗ್ರೀಸಣ್ಣನಿಗೆ ಮಾತ್ರ ಹಿರಿಯಕ್ಕ, ನಡುವಿನವಳು, ಕಿರಿಯವಳು. ಹಿರಿಯಕ್ಕನಿಗೆ ವಯಸ್ಸಾಗಿದೆ, ಅವಳ ಕೆಳಗಿನ ಕಾಂಕ್ರೀಟು ಹಳೆಯದು, ಮೊದಲಿನಿಂದಲೂ ಸ್ವಲ್ಪ ಅಲುಗುತ್ತಾಳೆ. ನಡುವಿನವಳು ಗಂಭೀರ. ಕಿರಿಯವಳು ಹೊಸಬಳು, ಸದ್ದಿಲ್ಲದೆ ತಿರುಗುತ್ತಾಳೆ, ಅದಕ್ಕೇ ಅವಳ ಮೇಲೆ ಅವನಿಗೆ ಒಂಚೂರು ಅನುಮಾನ.

"ಬೆಳಗಾದ್ರೆ ನನ್ನ ಸವತಿಯರ ಹತ್ರ ಓಡ್ತೀರ" ಎಂದು ಹೆಂಡತಿ ಛೇಡಿಸುತ್ತಿದ್ದಳು. "ನನ್ನ ಮಂಡಿ ನೋವಿಗೆ ಎಣ್ಣೆ ಹಚ್ಚಿ ಅಂದ್ರೆ ಮರೆತು ಹೋಗತ್ತೆ. ಆ ಮೂವರಿಗೆ ಮಾತ್ರ ಹೊತ್ತು ಹೊತ್ತಿಗೆ ಗ್ರೀಸು!"

ಗ್ರೀಸಣ್ಣ ನಕ್ಕು ಸುಮ್ಮನಾಗುತ್ತಿದ್ದ. ಅವಳು ಹೇಳಿದ್ದರಲ್ಲಿ ಅರ್ಧ ಅವನಿಗೆ ಕೇಳಿಸಿರುತ್ತಲೇ ಇರಲಿಲ್ಲ. ಯಾವುದಕ್ಕೆ ನಗಬೇಕು, ಯಾವುದಕ್ಕೆ ತಲೆಯಾಡಿಸಬೇಕು ಎಂಬುದನ್ನು ಅವಳ ಮುಖ ನೋಡಿ ತೀರ್ಮಾನಿಸುವ ಕಲೆಯಲ್ಲಿ ಅವನು ಪಳಗಿದ್ದ. ಅವಳೂ ಕಡಿಮೆಯವಳಲ್ಲ. "ರೀ" ಎಂದು ಒಂದು ಸಲ ಕೂಗುವಳು, ಎರಡು ಸಲ ಕೂಗುವಳು, ಮೂರನೆಯದಕ್ಕೂ ಉತ್ತರ ಬಾರದಿದ್ದರೆ ಎದ್ದು ಬಂದು ಭುಜ ಅಲುಗಿಸುವಳು. ಇಷ್ಟಾದರೂ ಇಬ್ಬರೂ ಆ ವಿಷಯ ಎತ್ತುತ್ತಿರಲಿಲ್ಲ.

ವಿಷಯ ಎತ್ತದಿರಲು ಕಾರಣವಿತ್ತು. ಮೋಟಾರಿನ ಅಚ್ಚು ಹೊತ್ತ ಬೇರಿಂಗ್ ಚೆನ್ನಾಗಿದೆಯೋ ಕೆಟ್ಟಿದೆಯೋ ಎಂದು ಹೇಳುವುದರಲ್ಲಿ ಗ್ರೀಸಣ್ಣನ ಕಿವಿಗೆ ದೊಡ್ಡ ಹೆಸರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಮೇಲಿಟ್ಟು, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ನಿಲ್ಲುವನು. ಆಮೇಲೆ ಡಾಕ್ಟರ ಹಾಗೆ ಒಂದೇ ಮಾತು: "ಚೆನ್ನಾಗಿದ್ದಾಳೆ" ಅಥವಾ "ಬಿಚ್ಚಿ". ಅವನ ಮಾತಿಗೆ ಮ್ಯಾನೇಜರು ಎದುರಾಡುತ್ತಿರಲಿಲ್ಲ. ಆದರೆ ಜೀವಮಾನವೆಲ್ಲ ಆ ಗದ್ದಲದಲ್ಲಿ ಕಿವಿ ಮುಚ್ಚಿಕೊಳ್ಳದೆ ದುಡಿದವನ ಕಿವಿ ಎಷ್ಟು ದಿನ ತಾಳೀತು? ಮೊದಲು ಹೋದದ್ದು ಸಣ್ಣ ಸದ್ದುಗಳು. ಕೆಟ್ಟ ಬೇರಿಂಗ್ ಮೊದಮೊದಲು ಮಾಡುವುದೂ ಅಂಥ ಸಣ್ಣ ಕಿರಿಕಿರಿ ಸದ್ದನ್ನೇ. ಇದು ಗ್ರೀಸಣ್ಣನಿಗೆ ಗೊತ್ತಿತ್ತು, ಗೊತ್ತಿದ್ದೇ ಹೊಟ್ಟೆಯೊಳಗಿಟ್ಟುಕೊಂಡಿದ್ದ. ಅವನ ಗೆಳೆಯನೊಬ್ಬ ಕಿವಿ ಪರೀಕ್ಷೆಯಲ್ಲಿ ಸೋತು ಪಂಪ್‌ಹೌಸಿನಿಂದ ನೀರಿನ ಬಿಲ್ಲು ಕಟ್ಟುವ ಕೌಂಟರಿಗೆ ಹೋಗಿ ಬಿದ್ದಿದ್ದ. ಅಲ್ಲಿ ದಿನವೆಲ್ಲ ರಬ್ಬರ್ ಸ್ಟ್ಯಾಂಪು ಒತ್ತುತ್ತ, ಕಿಟಕಿಯಾಚೆ ಪೈಪಿನ ಸದ್ದಿಗೆ ಹಂಬಲಿಸುತ್ತ ಕೂತ ಅವನನ್ನು ನೋಡಿ ಬಂದ ದಿನ ಗ್ರೀಸಣ್ಣನಿಗೆ ಊಟ ಸೇರಿರಲಿಲ್ಲ.

ಹಾಗಾಗಿ ಅವನೊಂದು ಉಪಾಯ ಹೂಡಿದ್ದ. ಕೇಳಿಸದಿದ್ದರೆ ಗ್ರೀಸು. ಅನುಮಾನ ಬಂದರೆ ಗ್ರೀಸು. ಅನುಮಾನ ಬಾರದಿದ್ದರೆ, ಯಾಕೆ ಬರಲಿಲ್ಲ ಎಂಬ ಅನುಮಾನಕ್ಕೆ ಇನ್ನೊಂದಿಷ್ಟು ಗ್ರೀಸು.

ಇಂಥ ಹೊತ್ತಿನಲ್ಲಿ ಹೊಸ ಮೇಂಟೆನೆನ್ಸ್ ಇಂಜಿನಿಯರ್ ಬಂದಳು. ಅವಳ ಕುರ್ಚಿ ದೊಡ್ಡದು, ಆಳು ಸಣ್ಣವಳು, ಆದ್ದರಿಂದ ಮೊದಲ ದಿನವೇ ಪುಟ್ಟ ಮೇಡಮ್ ಆದಳು. ಬಂದವಳೇ ಪ್ರತಿ ಮೋಟಾರಿನ ಬೇರಿಂಗಿನ ಮೇಲೆ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಸೆನ್ಸರ್ ಕೂರಿಸಿದಳು. ಒಂದೊಂದು ಸೆನ್ಸರೂ ಎರಡು ಸಂಗತಿ ಅಳೆಯುತ್ತಿತ್ತು: ಬೇರಿಂಗ್ ಎಷ್ಟು ನಡುಗುತ್ತಿದೆ, ಎಷ್ಟು ಬಿಸಿಯಾಗಿದೆ. ಅಳತೆಗಳು ಕಂಪ್ಯೂಟರಿನಲ್ಲಿ ದಿನದಿಂದ ದಿನಕ್ಕೆ ಎರಡು ಗೆರೆಗಳಾಗಿ ಬೆಳೆಯುತ್ತಿದ್ದವು, ನಡುಕಕ್ಕೆ ನೀಲಿ, ಬಿಸಿಗೆ ಕೆಂಪು. ಎಲ್ಲ ತಾನೇ ಕಲಿತು ತಾನೇ ಭವಿಷ್ಯ ಹೇಳುವ ಸಾಫ್ಟ್‌ವೇರ್ ಕೊಳ್ಳೋಣ ಎಂದು ಮ್ಯಾನೇಜರು ಕುಣಿದರು.

"ಈಗಲೇ ಬೇಡ ಸಾರ್" ಎಂದಳು ಪುಟ್ಟ ಮೇಡಮ್. "ಅದಕ್ಕೆ ಕಲಿಸೋಕೆ ನಮ್ಮತ್ರ ಹಳೇ ಅಳತೆಗಳೇ ಇಲ್ಲ. ಮೊದಲು ಸರಳ ನಿಯಮ ಹಾಕೋಣ. ಇಷ್ಟು ದಾಟಿದ್ರೆ ಹಳದಿ, ಹೋಗಿ ನೋಡಿ. ಅಷ್ಟು ದಾಟಿದ್ರೆ ಕೆಂಪು, ನಿಲ್ಲಿಸಿ. ಇದೇ ನಮಗೆ ಅರ್ಧ ವಿಷಯ ಹೇಳತ್ತೆ."

ಹಳದಿಯಾದಾಗ ಗೋಡೆಯ ಪ್ಯಾನಲಿನಲ್ಲಿ ಒಂದು ಪುಟ್ಟ ದೀಪ ಮಿಣುಕಿ, ಜೊತೆಗೆ ಸಣ್ಣ ಬೀಪ್ ಸದ್ದು ಬರುವಂತೆ ಮಾಡಿದಳು. ಮೂರೂ ಮೋಟಾರಿಗೆ ಒಂದೇ ಮಿತಿ. ಇಲ್ಲೇ ಅವಳು ಎಡವಿದ್ದು. ಹಿರಿಯಕ್ಕ ಹುಟ್ಟಾ ಅಲುಗುವವಳು, ಆ ಮಿತಿಯ ಹತ್ತಿರವೇ ಅವಳ ಸಂಸಾರ. ಪ್ಯಾನಲ್ ಹೊತ್ತುಗೊತ್ತಿಲ್ಲದೆ ಬೀಪಿಸತೊಡಗಿತು. ಉಳಿದ ಶಿಫ್ಟಿನವರು ತಲೆ ಚಿಟ್ಟು ಹಿಡಿದು, ನೋಡದೆಯೇ ಗುಂಡಿ ಒತ್ತಿ ಬಾಯಿ ಮುಚ್ಚಿಸುವುದನ್ನು ಕಲಿತರು. ಪಂಪ್ ಶುರುಮಾಡಿದ ಕೂಡಲೇ ಆಗುವ ಅಲುಗಾಟಕ್ಕೂ ಅದು ಬೊಬ್ಬೆ ಹೊಡೆಯುತ್ತಿತ್ತು.

ಗ್ರೀಸಣ್ಣನಿಗೆ ಮಾತ್ರ ಯಾವ ತೊಂದರೆಯೂ ಆಗಲಿಲ್ಲ. "ನನ್ನ ಶಿಫ್ಟಲ್ಲಿ ನನ್ನ ಮಕ್ಕಳು ಒಂದು ದಿನಾನೂ ಹಟ ಮಾಡಿಲ್ಲ ನೋಡಿ" ಎಂದು ಎದೆಯುಬ್ಬಿಸಿದ. ಆಮೇಲೆ ದೊಡ್ಡ ಮನಸ್ಸು ಮಾಡಿ ಸಲಹೆಯನ್ನೂ ಕೊಟ್ಟ. "ಮೇಡಮ್, ಮನೇಲಿ ಮೂರು ಮಕ್ಕಳಿದ್ರೆ ಮೂವರಿಗೂ ಒಂದೇ ಅಳತೆ ಅಂಗಿ ಹೊಲಿಸ್ತೀರಾ? ಹಿರಿಯಕ್ಕನ ಸ್ವಭಾವ ಬೇರೆ."

ಪುಟ್ಟ ಮೇಡಮ್ ನಕ್ಕಳು, ಆದರೆ ಮಾತು ಬಿಡಲಿಲ್ಲ. ಒಂದೊಂದು ಮೋಟಾರೂ ಚೆನ್ನಾಗಿ ಓಡುವಾಗಿನ ಅಳತೆಗಳನ್ನು ಕೆಲವು ವಾರ ಕೂಡಿಸಿ, ಅವಳವಳ ಮಾಮೂಲು ಎಷ್ಟು ಎಂದು ಗೊತ್ತುಮಾಡಿಕೊಂಡಳು. ನಡುಕ ಅವಳವಳ ಮಾಮೂಲಿನ ಒಂದೂವರೆ ಪಟ್ಟಾದರೆ ಹಳದಿ. ಬಿಸಿಗೆ, ಕೋಣೆಯ ಶಾಖ ಕಳೆದು ನೋಡಿ, ಮಾಮೂಲಿಗಿಂತ ಹತ್ತು ಡಿಗ್ರಿ ಮೇಲಾದರೆ ಹಳದಿ. ಅದೂ ಸಾಲಾಗಿ ಮೂರು ಅಳತೆಯಲ್ಲಿ ಮೇಲಿದ್ದರೆ ಮಾತ್ರ. ಶುರುಮಾಡುವಾಗಿನ ಕೆಲವು ನಿಮಿಷ ಲೆಕ್ಕಕ್ಕಿಲ್ಲ. ಕೆಂಪು ಮಾತ್ರ ಯಾರ ಸ್ವಭಾವಕ್ಕೂ ಬಗ್ಗದ ಒಂದೇ ಮಿತಿ, ಅದನ್ನು ದಾಟಿದರೆ ಯಾರೇ ಆಗಲಿ ನಿಲ್ಲಲೇಬೇಕು.

ಗ್ರೀಸಣ್ಣ ಮನೆಯಲ್ಲಿ ಇದನ್ನು ತನ್ನದೇ ಆವಿಷ್ಕಾರವೆಂಬಂತೆ ವಿವರಿಸಿದ. ಹೆಂಡತಿ ತಟ್ಟೆ ತೊಳೆಯುತ್ತಿದ್ದವಳು ಬಿದ್ದು ಬಿದ್ದು ನಕ್ಕಳು.

"ಮೂರು ಸಲ ನೋಡಿ ಆಮೇಲೆ ಎದ್ದು ಹೋಗೋದಾ? ಈ ರೂಲು ನಂದು ಕಣ್ರೀ! ನಿಮ್ಮ ಮೇಲೆ ಎಷ್ಟು ವರ್ಷದಿಂದ ನಡೆಸ್ತಾ ಇದೀನಿ!"

ಅವನಿಗೆ ಕೇಳಿಸಿತೋ ಇಲ್ಲವೋ, ಮುಖ ನೋಡಿ ನಕ್ಕ.

ಹೊಸ ನಿಯಮ ಬಂದ ಮೇಲೆ ಪ್ಯಾನಲ್ ತೆಪ್ಪಗಾಯಿತು. ಅದು ಬಾಯಿ ಬಿಟ್ಟರೆ ಜನ ಈಗ ತಿರುಗಿ ನೋಡುತ್ತಿದ್ದರು. ಹಾಗೆ ಬಾಯಿ ಬಿಟ್ಟ ಮೊದಲ ಸಲವೇ ಅದು ನಡುವಿನವಳ ಬಿಸಿಯನ್ನು ತೋರಿಸಿತು. ಪುಟ್ಟ ಮೇಡಮ್ ಗ್ರೀಸಣ್ಣನನ್ನು ಕಂಪ್ಯೂಟರಿನ ಮುಂದೆ ಕೂರಿಸಿದಳು. ಕೆಂಪು ಗೆರೆ ಮೆಟ್ಟಿಲು ಹತ್ತಿದ ಹಾಗೆ ಏರಿತ್ತು. ನೀಲಿ ಗೆರೆ ನೆಲದ ಮೇಲೆ ಚಾಪೆ ಹಾಸಿದಂತೆ ಮಲಗಿತ್ತು.

"ಬೇರಿಂಗ್ ಕೆಡ್ತಾ ಇದ್ರೆ ಸಾಮಾನ್ಯವಾಗಿ ಮೊದಲು ನಡುಕ ಏರತ್ತೆ, ಬಿಸಿ ಆಮೇಲೆ. ಇಲ್ಲಿ ನಡುಕ ಇಲ್ಲವೇ ಇಲ್ಲ, ಬರೀ ಬಿಸಿ. ಅದೂ ಮೆಟ್ಟಿಲು ಮೆಟ್ಟಿಲಾಗಿ. ಪ್ರತಿ ಮೆಟ್ಟಿಲೂ ಶುರುವಾಗೋದು ನಿಮ್ಮ ಶಿಫ್ಟಲ್ಲಿ ಗ್ರೀಸಣ್ಣ. ಏನು ಮಾಡ್ತೀರಿ ಆ ಹೊತ್ತಿಗೆ?"

ಗ್ರೀಸಣ್ಣ ಕಂಕುಳಲ್ಲಿದ್ದ ಗ್ರೀಸ್ ಗನ್ನನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದ. ಅವನ ಮುಖ ನೋಡಿ ಅವಳಿಗೆ ನಗು ತಡೆಯಲಾಗಲಿಲ್ಲ.

"ಮುಟ್ಟಿ ನೋಡಿದೆ, ಬಿಸಿ ಆಗಿದ್ಲು" ಎಂದ. "ಪಾಪ, ಒಣಗಿರಬೇಕು ಅಂತ ಹಾಕಿದೆ. ಮತ್ತೂ ಬಿಸಿ ಆದ್ಲು. ಮತ್ತೆ ಹಾಕಿದೆ."

"ಹೊಟ್ಟೆ ಬಿರಿಯೋ ಹಾಗೆ ತಿನ್ನಿಸಿದ್ದೀರಿ. ಗ್ರೀಸು ಜಾಸ್ತಿಯಾದ್ರೆ ಬೇರಿಂಗ್ ಅದನ್ನು ಕಡೆದೂ ಕಡೆದೂ ಬಿಸಿಯಾಗತ್ತೆ."

ಬೇರಿಂಗಿನ ಕೆಳಗಿನ ಬಿರಡೆ ಬಿಚ್ಚಿ, ಮೋಟಾರನ್ನು ಹಾಗೇ ಓಡಲು ಬಿಟ್ಟರು. ಹಳೆಯ ಗ್ರೀಸು ಹಾವಿನಂತೆ ಸುತ್ತಿ ಸುತ್ತಿ ಹೊರಗೆ ಬಂತು. ಮರುದಿನದ ಹೊತ್ತಿಗೆ ಕೆಂಪು ಗೆರೆ ಇಳಿದು ತನ್ನ ಜಾಗಕ್ಕೆ ಬಂದು ಕೂತಿತು. ಅಂದಿನಿಂದ ಗ್ರೀಸ್ ಗನ್ನು ಬೀರುವಿನಲ್ಲಿ, ಬೀಗದ ಕೈ ಪುಟ್ಟ ಮೇಡಮ್ ಹತ್ತಿರ. ಗ್ರೀಸಣ್ಣನ ಕಂಕುಳು ಖಾಲಿಯಾಗಿ, ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಅವನು ಒಂದು ವಾರ ಮದುವೆ ಮನೆಯಲ್ಲಿ ಕೆಲಸ ಸಿಗದ ಸೋದರಮಾವನ ಹಾಗೆ ಓಡಾಡಿದ.

ಅವಮಾನವಾಯಿತೇ? ಆಯಿತು. ಆದರೆ ಅವನನ್ನು ನಿಜವಾಗಿ ಕೊರೆದದ್ದು ಬೇರೆ. ಗ್ರೀಸು ಅವನ ಊರುಗೋಲಾಗಿತ್ತು. ಇನ್ನು ಉಳಿದದ್ದು ಕಿವಿಯೊಂದೇ, ಅದು ಎಂಥ ಕಿವಿ ಎಂದು ಅವನಿಗೆ ಗೊತ್ತಿತ್ತು.

ಕಿರಿಯವಳ ಒಳಗಿನ ತಂತಿ ಸುರುಳಿ ಹೊಸದಾಗಿ ಸುತ್ತಿಸಲು ವರ್ಕ್‌ಶಾಪಿಗೆ ಕಳಿಸಿದ ವಾರ ಅದು. ಹಿರಿಯಕ್ಕ, ನಡುವಿನವಳು ಇಬ್ಬರೂ ಬಿಡುವಿಲ್ಲದೆ ಓಡುತ್ತಿದ್ದರು. ಯಾರಾದರೂ ಒಬ್ಬಳು ಇದ್ದಕ್ಕಿದ್ದಂತೆ ಕೈಕೊಟ್ಟರೆ ಅರ್ಧ ಊರಿನ ನಲ್ಲಿ ಒಣಗುತ್ತಿತ್ತು. ಬೆಳಗಿನ ಶಿಫ್ಟು, ಗ್ರೀಸಣ್ಣನದೇ ಪಾಳಿ. ಅವನು ಪ್ಯಾನಲಿನ ಕೆಳಗಿನ ಸ್ಟೂಲಿನ ಮೇಲೆ, ಗೋಡೆಗೆ ಬೆನ್ನು ಕೊಟ್ಟು, ಟೀ ಹೀರುತ್ತ ಕೂತಿದ್ದ. ತಲೆಯ ಮೇಲೆ ಹಳದಿ ದೀಪ ಮಿಣುಕುತ್ತಿತ್ತು. ಬೀಪ್ ಸದ್ದು ಗಂಟಲು ಹರಿದುಕೊಳ್ಳುತ್ತಿತ್ತು.

ಅಂಗಳದಾಚೆಯ ಕಚೇರಿಯಲ್ಲಿ ಪುಟ್ಟ ಮೇಡಮ್ ಪರದೆ ನೋಡುತ್ತಿದ್ದಳು. ಹಿರಿಯಕ್ಕನ ಬಿಸಿಯ ಕೆಂಪು ಗೆರೆ ಅಲುಗಿರಲಿಲ್ಲ. ನಡುಕದ ನೀಲಿ ಗೆರೆ ಮಾತ್ರ ಕೆಲವು ದಿನಗಳಿಂದ ಇರುವೆ ಗೋಡೆ ಹತ್ತುವ ಹಾಗೆ ಹತ್ತಿ, ಬೆಳಿಗ್ಗೆ ಹಳದಿ ಮಿತಿ ದಾಟಿತ್ತು. ದಾಟಿ ಬಹಳ ಹೊತ್ತಾದರೂ ಯಾರೂ ಗುಂಡಿ ಒತ್ತಿರಲಿಲ್ಲ. ಪಾಳಿಯಲ್ಲಿ ಯಾರೂ ಇಲ್ಲವೇ ಎಂದು ಗಾಬರಿಯಾಗಿ ಅವಳು ಓಡಿ ಬಂದಳು. ಬಾಗಿಲಲ್ಲೇ ನಿಂತುಬಿಟ್ಟಳು.

"ಬನ್ನಿ ಮೇಡಮ್!" ಗ್ರೀಸಣ್ಣ ಟೀ ಲೋಟ ಎತ್ತಿ ಸ್ವಾಗತಿಸಿದ. "ಇವತ್ತು ಎಲ್ಲ ಶಾಂತ. ಪ್ಯಾನಲ್ ಪಿಟ್ಟೆಂದಿಲ್ಲ."

ಅವನ ನೆತ್ತಿಯ ಮೇಲೆ ಪ್ಯಾನಲ್ ಕಿರುಚುತ್ತಲೇ ಇತ್ತು. ಒಂದು ಕ್ಷಣ ಅವಳಿಗೆ ನಗು ಬಂತು. ಮರುಕ್ಷಣ ನಗು ಮಾಯವಾಯಿತು. ಅವನ ಶಿಫ್ಟಿನಲ್ಲಿ ಮಕ್ಕಳು ಯಾಕೆ ಹಟ ಮಾಡುತ್ತಿರಲಿಲ್ಲ ಎಂಬುದು ಈಗ ಹೊಳೆಯಿತು. ಅದನ್ನು ಎತ್ತದೆ ಅವಳು ಬರೀ ಇಷ್ಟು ಕೂಗಿದಳು: "ಹಿರಿಯಕ್ಕನ ನಡುಕ ಜಾಸ್ತಿ ತೋರಿಸ್ತಿದೆ. ಒಂದ್ಸಲ ಕೇಳಿ ನೋಡ್ತೀರಾ?"

ಗ್ರೀಸಣ್ಣ ಸ್ಕ್ರೂಡ್ರೈವರ್ ತಂದ. ಬೇರಿಂಗಿನ ಮೇಲಿಟ್ಟ, ಕಿವಿಗೆ ಒತ್ತಿದ, ಕಣ್ಣು ಮುಚ್ಚಿದ. ದೂರದಲ್ಲೆಲ್ಲೋ ಲಾರಿ ಹೋದ ಹಾಗೆ ಒಂದು ಗುಂಯ್ ಎಂಬ ಮೊರೆತ, ಅಷ್ಟೇ. ಅದರೊಳಗೆ ಏನಿದೆ, ಏನಿಲ್ಲ ಎಂಬುದು ಅವನಿಗೆ ತಿಳಿಯಲಿಲ್ಲ. ಬಾಯಿ ಮಾತ್ರ ರೂಢಿಯ ಮಾತನ್ನೇ ಆಡಿತು.

"ಚೆನ್ನಾಗಿದ್ದಾಳೆ."

ಅಷ್ಟರಲ್ಲಿ ಮ್ಯಾನೇಜರ ಫೋನು. ಪುಟ್ಟ ಮೇಡಮ್ ವಿಷಯ ತಿಳಿಸಿ, ಸ್ಪೀಕರಿಗೆ ಹಾಕಿ ಅವನ ಕಿವಿಯ ಹತ್ತಿರ ಹಿಡಿದಳು. ಮ್ಯಾನೇಜರ ಗಂಟಲು ಪಂಪಿಗಿಂತ ದೊಡ್ಡದು, ಹಾಗಾಗಿ ಅದಂತೂ ಕೇಳಿಸಿತು.

"ಸ್ಪೇರ್ ಇಲ್ಲದ ಹೊತ್ತಲ್ಲಿ ಹಿರಿಯಕ್ಕನ್ನ ನಿಲ್ಲಿಸಿ ಅಂದ್ರೆ ಹೆಂಗ್ರೀ? ಗೆರೆ ಗಿರೆ ಬಿಡಿ. ಗ್ರೀಸಣ್ಣಾ, ನೀನು ಹೇಳು. ನೀನು ಸರಿ ಅಂದ್ರೆ ಓಡ್ಲಿ."

ಗ್ರೀಸಣ್ಣ ಬಾಯಿ ತೆರೆದ. ಆಗಲೇ ಪುಟ್ಟ ಮೇಡಮ್ ಅವನ ಕೈ ಹಿಡಿದು ಗೋಡೆಯ ಪ್ಯಾನಲಿನ ತಗಡಿನ ಮೇಲೆ ಇಟ್ಟಳು. ಬೆರಳ ತುದಿಯಲ್ಲಿ ಸಣ್ಣಗೆ ಏನೋ ಜುಮುಗುಡುತ್ತಿತ್ತು, ನಿಂತು ನಿಂತು, ಬಿಡದೆ. ಅವನು ತಲೆಯೆತ್ತಿದ. ಹಳದಿ ದೀಪ. ಅವಳು ಗುಂಡಿ ಒತ್ತಿದಳು, ಬೆರಳ ಕೆಳಗಿನ ಜುಮುಜುಮು ನಿಂತಿತು. ಅವನಿಗೆ ಎಲ್ಲ ಅರ್ಥವಾಯಿತು. ಬೆಳಗಿನಿಂದ ಅವನು ಈ ಸದ್ದಿನ ಮಡಿಲಲ್ಲೇ ಕೂತು ಟೀ ಕುಡಿದಿದ್ದ.

ನಾಚಿಕೆಯಿಂದ ಅವನ ಕಿವಿಗಳು ಕೆಂಪಾದವು, ಕೇಳುವ ಕೆಲಸವೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಅವು ಚೆನ್ನಾಗಿಯೇ ಮಾಡುತ್ತಿದ್ದವು. ಸರಿ ಎಂದರೆ ಕೆಲಸ ಉಳಿಯುತ್ತದೆ, ಹಿರಿಯಕ್ಕ ಉಳಿಯುತ್ತಾಳೋ ಇಲ್ಲವೋ. ನಿಜ ಹೇಳಿದರೆ ಬಿಲ್ಲಿನ ಕೌಂಟರು, ರಬ್ಬರ್ ಸ್ಟ್ಯಾಂಪು. ಅವನು ಹಿರಿಯಕ್ಕನನ್ನು ನೋಡಿದ. ಹಳೆಯ ಕಾಂಕ್ರೀಟಿನ ಮೇಲೆ ಅವಳು ತನ್ನ ಪಾಡಿಗೆ ಅಲುಗುತ್ತ ದುಡಿಯುತ್ತಿದ್ದಳು. ಅವಳ ಮೇಲೆ ಅವನಿಗೆ ಪ್ರೀತಿಯಿತ್ತು. ತನ್ನ ಮರ್ಯಾದೆಗಾಗಿ ಅವಳ ಬೆನ್ನು ಮುರಿಯಲು ಮನಸ್ಸು ಒಪ್ಪಲಿಲ್ಲ.

"ಸಾರ್" ಎಂದ, ಬೇಕಾದ್ದಕ್ಕಿಂತ ಜೋರಾಗಿ. "ನನ್ನ ಕಿವಿ ಹೋಗಿದೆ. ಈಗಲ್ಲ, ಬಹಳ ದಿನ ಆಯ್ತು. ನಾನು ಸರಿ ಅಂದ್ರೆ ಅದಕ್ಕೆ ಬೆಲೆ ಇಲ್ಲ. ಆ ಗೆರೆ ನಂಬಿ ಸಾರ್. ಬಿಚ್ಚಿ."

ಫೋನಿನಲ್ಲಿ ಮ್ಯಾನೇಜರು ಈ ಸಲ ಮೆಲ್ಲಗೆ "ಸರಿ, ಬಿಚ್ಚಿ" ಅಂದರು. ಅದು ಗ್ರೀಸಣ್ಣನಿಗೆ ಕೇಳಿಸಲಿಲ್ಲ, ಪುಟ್ಟ ಮೇಡಮ್ ತಲೆಯಾಡಿಸಿದ್ದು ಕಂಡಿತು.

ನಡುಕ ಕೆಂಪು ಮಿತಿಯಿಂದ ಇನ್ನೂ ದೂರವಿದ್ದದ್ದರಿಂದ ಅವಸರಪಡುವ ಗರಜು ಬೀಳಲಿಲ್ಲ. ಮೊದಲು ಎರಡೂ ಮೋಟಾರು ಓಡಿಸಿ ಊರಿನ ದೊಡ್ಡ ಟ್ಯಾಂಕನ್ನು ತುಂಬಿಸಿದರು. ಆಮೇಲೆ ಹಿರಿಯಕ್ಕನನ್ನು ನಿಲ್ಲಿಸಿ, ನಡುವಿನವಳ ಮೇಲೆ ಭಾರ ಹಾಕಿ, ಸ್ಟೋರಿನಿಂದ ಹೊಸ ಬೇರಿಂಗ್ ತಂದರು. ಬಿಚ್ಚುವ ಕೆಲಸವನ್ನು ಗ್ರೀಸಣ್ಣ ಬೇರೆ ಯಾರ ಕೈಗೂ ಕೊಡಲಿಲ್ಲ. ಹಳೆಯ ಬೇರಿಂಗನ್ನು ಒರೆಸಿ ಬೆಳಕಿಗೆ ಹಿಡಿದಾಗ, ಹೊರಗಿನ ಉಂಗುರದ ಒಳಮೈಯಲ್ಲಿ ಗುಂಡುಗಳು ಉರುಳುವ ದಾರಿಯಲ್ಲಿ ಸಾಸಿವೆಯಷ್ಟು ಉಕ್ಕು ಎದ್ದುಹೋಗಿತ್ತು. ಪ್ರತಿ ಗುಂಡೂ ಆ ಗುಳಿಯನ್ನು ದಾಟುವಾಗ ಒಂದು ಸಣ್ಣ ಏಟು. ಇನ್ನಷ್ಟು ದಿನ ಓಡಿಸಿದ್ದರೆ ಉಂಗುರವೇ ಸಿಡಿದು ಅಚ್ಚನ್ನೂ ತಿನ್ನುತ್ತಿತ್ತು. ಸಂಜೆಯೊಳಗೆ ಹಿರಿಯಕ್ಕ ಮತ್ತೆ ತಿರುಗಿದಳು, ನೀಲಿ ಗೆರೆ ಇಳಿದು ಅವಳ ಮಾಮೂಲಿನ ಹತ್ತಿರ ಬಂದು ನಿಂತಿತು. ಊರಿನ ಒಂದು ನಲ್ಲಿಗೂ ಸುದ್ದಿ ತಿಳಿಯಲಿಲ್ಲ.

ಮ್ಯಾನೇಜರು ಮರುದಿನ ಬಂದರು. ಗ್ರೀಸಣ್ಣ ತನ್ನ ಸ್ಕ್ರೂಡ್ರೈವರನ್ನು ಒರೆಸಿ, ಬಟ್ಟೆಯಲ್ಲಿ ಸುತ್ತಿ, ಕೌಂಟರಿಗೆ ಹೊರಡಲು ಸಿದ್ಧನಾಗಿ ಕೂತಿದ್ದ.

"ನಿಯಮದ ಪ್ರಕಾರ ನಿನ್ನನ್ನ ಇಲ್ಲಿಂದ ಕಳಿಸಬೇಕು" ಎಂದರು ಅವರು.

"ಸಾರ್, ಈಗ ಕೇಳೋ ಕೆಲಸ ಸೆನ್ಸರಿಂದು" ಎಂದಳು ಪುಟ್ಟ ಮೇಡಮ್. "ಗೆರೆ ಏರಿದಾಗ ಹೋಗಿ ಬಿಚ್ಚೋ ಕೈ ಬೇಕು, ಹಿರಿಯಕ್ಕನ ಸ್ವಭಾವ ಗೊತ್ತಿರೋ ತಲೆ ಬೇಕು. ಬೀಪ್ ತಪ್ಪು ನಂದು. ಇಷ್ಟು ಗದ್ದಲದ ಕೋಣೇಲಿ ಎಲ್ಲರೂ ಕಿವಿ ಮುಚ್ಕೊಂಡೇ ಕೆಲಸ ಮಾಡಬೇಕು, ಅಂಥ ಜಾಗಕ್ಕೆ ಬೀಪ್ ಇಟ್ಟೋಳು ನಾನು. ದೊಡ್ಡ ದೀಪ ಹಾಕಿಸ್ತೀನಿ, ಕುರುಡ್ರಿಗೂ ಕಾಣೋ ಹಾಗೆ."

ಮ್ಯಾನೇಜರು ಗೊಣಗಿದರು, ತಲೆ ಕೆರೆದುಕೊಂಡರು, ಕೊನೆಗೆ ಎರಡು ಷರತ್ತು ಹಾಕಿದರು. ಪಂಪ್‌ಹೌಸಿನೊಳಗೆ ಕಿವಿ ಮುಚ್ಚುವ ಟೋಪಿ ಹಾಕಬೇಕು. ಹೊರಗೆ ಕಿವಿ ಮೆಷೀನು ಹಾಕಬೇಕು. "ಒಳಗೆ ಮುಚ್ಚು, ಹೊರಗೆ ತೆರಿ, ಒಳ್ಳೇ ಕಿವಿ ಸಾರ್ ನಂದು" ಎಂದು ಗ್ರೀಸಣ್ಣ ನಗಲು ಹೋದ. ನಗು ಅರ್ಧಕ್ಕೇ ನಿಂತು ಕಣ್ಣು ಒದ್ದೆಯಾಯಿತು. ಸುತ್ತಿಟ್ಟ ಸ್ಕ್ರೂಡ್ರೈವರನ್ನು ಬಿಚ್ಚಿ ಮತ್ತೆ ಮೊಳೆಗೆ ತೂಗುಹಾಕಿದ.

ಕೆಲವು ದಿನಗಳ ಮೇಲೆ ಡಾಕ್ಟರು ಅವನ ಕಿವಿಗೆ ಹುಣಸೆ ಬೀಜದಷ್ಟು ಮೆಷೀನು ಸಿಕ್ಕಿಸಿ ಕಳಿಸಿದರು. ದಾರಿಯೆಲ್ಲ ಅವನ ಚಪ್ಪಲಿಯೇ ಅವನಿಗೆ ಗದ್ದಲವೆನಿಸಿತು. ಮನೆಗೆ ಬಂದು ಜಗಲಿಯ ಮೇಲೆ, ಬೀದಿಯ ಕಡೆ ಮುಖ ಮಾಡಿ ಕೂತ. ಹೆಂಡತಿ ಒಳಗಿದ್ದಳು, ಅವನು ಬಂದದ್ದನ್ನು ಕಿಟಕಿಯಿಂದ ಕಂಡಿದ್ದಳು. ಮಾಮೂಲಿನ ಮೂರು ಕೂಗಿನಲ್ಲಿ ಮೊದಲನೆಯದನ್ನು, ಉತ್ತರದ ಆಸೆಯಿಲ್ಲದೆ, ರೂಢಿಗೆ ಮೆಲ್ಲಗೆ ಕೂಗಿದಳು.

"ರೀ..."

"ಏನೇ?" ಎಂದು ಅವನು ತಿರುಗಿದ.

ಅವಳು ಬಾಗಿಲಿಗೆ ಓಡಿ ಬಂದಳು. ಯಾಕೆ ಕರೆದಳು ಎಂಬುದೇ ಮರೆತುಹೋಗಿತ್ತು. ಎಷ್ಟೋ ವರ್ಷಗಳಿಂದ ಅವಳು ಮಾತನ್ನು ಮೂರನೆಯ ಕೂಗಿಗೆಂದು ಇಟ್ಟುಕೊಂಡು ಬಂದವಳು. ಹೊಸ್ತಿಲ ಮೇಲೆ ನಿಂತು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ, ಅವನ ಮುಖವನ್ನೇ ನೋಡಿದಳು.

"ಏನಿಲ್ಲ" ಎಂದಳು. "ಸುಮ್ನೆ ಕರೆದೆ."

"ಇನ್ನೊಂದ್ಸಲ ಕರಿ" ಎಂದ ಗ್ರೀಸಣ್ಣ.